ತ್ರಿಪಾದಿಯ ಕಾಲು ಮೇಲೇಳುವುದೇಕೆ? ಸೆಳೆತ ಗುಣಾಂಕ ವಿಧಾನದ ಒಂದು ನಿದರ್ಶನ

ಮುಂಬೈ ಮತ್ತು ಅದರ ಉಪನಗರಗಳಲ್ಲಿ ಮೇಲೆ ಭರಾವು ಮಣ್ಣು ಅಥವಾ ಕಡಲ ಕೆಸರು, ಕೆಳಗೆ ಕಪ್ಪುಶಿಲೆ ಇರುವ ನಿವೇಶನಗಳು ಅನೇಕ. ಅಂತಹ ಕಡೆ ಕಟ್ಟಡದ ಭಾರವನ್ನು ಬಂಡೆಯವರೆಗೆ ಒಯ್ಯಲು ಪೈಲುಗಳನ್ನು ಇಳಿಸಬೇಕಾಗುತ್ತದೆ. ಹೈಡ್ರಾಲಿಕ್ ಯಂತ್ರಗಳು ಬಂದಿದ್ದರೂ, ಇಕ್ಕಟ್ಟಾದ ನಿವೇಶನಗಳಲ್ಲಿ ಮೂರು ಉಕ್ಕಿನ ಕಾಲುಗಳ ತ್ರಿಪಾದಿಯನ್ನು ನಿಲ್ಲಿಸಿ, ತುದಿಯ ರಾಟೆಯ ಮೇಲಿಂದ ಹಾಯಿಸಿದ ಹಗ್ಗವನ್ನು ವಿಂಚಿನಿಂದ ಎಳೆದು, ಭಾರವಾದ ಉಕ್ಕಿನ ಉಳಿಯನ್ನು ಎತ್ತಿ ಬಿಡುವ ಪದ್ಧತಿ ಪರಿಚಿತವಾದುದು. ಈ ತ್ರಿಪಾದಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ತ್ರಿವಿಮ ಟ್ರಸ್ಸಿನ ಬಲಗಳನ್ನು ಕಾಣುವ ಸೆಳೆತ ಗುಣಾಂಕ ವಿಧಾನವನ್ನು ಇಲ್ಲಿ ವಿವರಿಸುತ್ತೇವೆ. ಈ ವಿಧಾನವನ್ನು ಆರ್. ವಿ. ಸೌತ್‌ವೆಲ್ 1920ರಲ್ಲಿ ಪ್ರತಿಪಾದಿಸಿದರು.

ಒಂದು ಸದಸ್ಯದಲ್ಲಿರುವ ಸೆಳೆತವನ್ನು ಅದರ ಉದ್ದದಿಂದ ಭಾಗಿಸಿದರೆ ದೊರೆಯುವುದೇ ಸೆಳೆತ ಗುಣಾಂಕ. ಅದನ್ನು t ಎನ್ನೋಣ. ಇದರ ಅನುಕೂಲವೆಂದರೆ, ಬಲದ ಮೂರು ದಿಕ್ಕಿನ ಘಟಕಗಳನ್ನು ಪಡೆಯಲು ಕೋನಗಳ ಗೊಡವೆಯೇ ಬೇಡ. ಸದಸ್ಯದ ಎರಡು ತುದಿಗಳ ನಿರ್ದೇಶಾಂಕಗಳ ವ್ಯತ್ಯಾಸವನ್ನು t ಯಿಂದ ಗುಣಿಸಿದರೆ ಸಾಕು. ಉತ್ತರ ಧನವಾದರೆ ಸದಸ್ಯ ಸೆಳೆತದಲ್ಲಿದೆ, ಋಣವಾದರೆ ಒತ್ತಡದಲ್ಲಿದೆ. ಹೀಗೆ ಚಿಹ್ನೆಯೇ ಅರ್ಥವನ್ನು ಹೇಳುತ್ತದೆ.

ಕಾಲಿನ ಬುಡದಲ್ಲಿ ಗೋಲ-ಕುಳಿ ಕೀಲು ಇದೆಯೆಂದು ಭಾವಿಸುತ್ತೇವೆ. ನಮ್ಮ ತೊಡೆಯ ಸಂದಿನಂತೆ ಅದು ಯಾವ ಕಡೆಗಾದರೂ ತಿರುಗಬಲ್ಲದು, ಆದರೆ ಯಾವ ಕಡೆಗೂ ಸರಿಯದು. ಆದ್ದರಿಂದ ಪ್ರತಿ ಬುಡವೂ ಮೂರು ಪ್ರತಿಕ್ರಿಯೆಗಳನ್ನು ಕೊಡುತ್ತದೆ. ಮೂರು ಸದಸ್ಯಗಳ ಬಲ, ಒಂಬತ್ತು ಪ್ರತಿಕ್ರಿಯೆ, ಒಟ್ಟು 12 ಅಜ್ಞಾತಗಳು. ನಾಲ್ಕು ಸಂಧಿಗಳು ಕೊಡುವ ಸಮೀಕರಣಗಳೂ 12. ಶಿಖರದ ಮೂರು ಸಮೀಕರಣಗಳಿಂದಲೇ ಕಾಲುಗಳ ಬಲ ತಿಳಿಯುತ್ತದೆ.

ಶಿಖರ ನೆಲದಿಂದ 6 ಮೀಟರ್ ಎತ್ತರದಲ್ಲಿರಲಿ. ಅದರ ನೇರ ಕೆಳಗಿನ ಬಿಂದುವೇ ಮೂಲ. ಮೊದಲನೆಯ ಕಾಲಿನ ಬುಡ (-3, 0, 0), ಎರಡನೆಯದು (1.5, 2, 0), ಮೂರನೆಯದು (1.5, -2, 0). ಮೊದಲ ಕಾಲಿನ ಉದ್ದ 6.71 ಮೀಟರ್, ಉಳಿದೆರಡರದು 6.5 ಮೀಟರ್. ಉಳಿಯ ತೂಕ 20 ಕಿಲೋನ್ಯೂಟನ್. ವಿಂಚು ಎರಡು ಕಾಲುಗಳಿರುವ ಕಡೆಗೆ, ಮೂಲದಿಂದ 8 ಮೀಟರ್ ದೂರದಲ್ಲಿದೆ.

ಇಲ್ಲಿಯೇ ಒಂದು ತಪ್ಪು ನುಸುಳುವುದುಂಟು. ಶಿಖರದ ಮೇಲಿನ ಭಾರ ಕೇವಲ 20 ಎಂದು ತಿಳಿದರೆ ಮೂರು ಗುಣಾಂಕಗಳೂ -1.11 ಬರುತ್ತವೆ, ಎಲ್ಲ ಕಾಲುಗಳೂ ಒತ್ತಡದಲ್ಲಿ ನೆಮ್ಮದಿಯಾಗಿರುವಂತೆ ಕಾಣುತ್ತದೆ. ಆದರೆ ವಿಂಚಿನ ಕಡೆಯ ಹಗ್ಗವೂ 20 ಕಿಲೋನ್ಯೂಟನ್ ಬಲದಿಂದಲೇ ಶಿಖರವನ್ನು ಓರೆಯಾಗಿ ಎಳೆಯುತ್ತದೆ. ಅದರ ಅಡ್ಡ ಘಟಕ 16, ಕೆಳಮುಖ ಘಟಕ 12. ಆಗ ಸಮೀಕರಣಗಳು ಹೀಗಾಗುತ್ತವೆ:

-3t₁ + 1.5t₂ + 1.5t₃ + 16 = 0
2t₂ - 2t₃ = 0
-6(t₁ + t₂ + t₃) - 32 = 0

ಬಿಡಿಸಿದರೆ t₂ = t₃ = -3.56, t₁ = +1.78. ಉದ್ದಗಳಿಂದ ಗುಣಿಸಿದಾಗ ಎರಡು ಕಾಲುಗಳಲ್ಲಿ ತಲಾ 23.1 ಕಿಲೋನ್ಯೂಟನ್ ಒತ್ತಡ, ಮೊದಲನೆಯದರಲ್ಲಿ 11.9 ಕಿಲೋನ್ಯೂಟನ್ ಸೆಳೆತ. ಅದರ ಬುಡವನ್ನು ಕೆಳಕ್ಕೆ ಹಿಡಿದಿಡಲು 6 × 1.78, ಅಂದರೆ ಸುಮಾರು 10.7 ಕಿಲೋನ್ಯೂಟನ್ ಬಲ ಬೇಕು. ಗೋಲ-ಕುಳಿ ಕೀಲು ಈ ಬಲವನ್ನು ಕೊಡುತ್ತದೆಂದು ಗಣಿತ ನಂಬುತ್ತದೆ. ಹಲಗೆಯ ಮೇಲೆ ಸುಮ್ಮನೆ ಊರಿದ ಕಾಲು ಕೊಡಲಾರದು. ಅದು ಮೇಲೇಳುತ್ತದೆ, ತ್ರಿಪಾದಿ ವಿಂಚಿನ ಕಡೆಗೆ ಉರುಳುತ್ತದೆ. ಧನ ಚಿಹ್ನೆಯೇ ಇಲ್ಲಿ ಎಚ್ಚರಿಕೆ.

ಉತ್ತರವನ್ನು ಬೇರೊಂದು ದಾರಿಯಿಂದಲೂ ತಾಳೆ ನೋಡಬಹುದು. ಎರಡು ಹಗ್ಗಗಳ ಒಟ್ಟು ಬಲದ ರೇಖೆಯನ್ನು ನೆಲದವರೆಗೆ ಎಳೆದರೆ ಅದು ಮೂಲದಿಂದ 6 × 16/32, ಅಂದರೆ 3 ಮೀಟರ್ ದೂರದಲ್ಲಿ ಬೀಳುತ್ತದೆ. ಬುಡಗಳ ತ್ರಿಕೋನವಾದರೋ ಆ ಕಡೆಗೆ 1.5 ಮೀಟರಿಗೇ ಮುಗಿಯುತ್ತದೆ. ವಿಂಚನ್ನು 2.5 ಮೀಟರ್ ದೂರಕ್ಕೆ ತಂದರೆ ರೇಖೆ 1.2 ಮೀಟರಿನಲ್ಲಿ, ತ್ರಿಕೋನದೊಳಗೇ ಬೀಳುತ್ತದೆ. ಆಗ t₁ = -0.43, t₂ = t₃ = -2.99, ಮೂರು ಕಾಲುಗಳೂ ಒತ್ತಡದಲ್ಲಿರುತ್ತವೆ. ವಿಂಚನ್ನು ಸರಿಸಲು ಸ್ಥಳವಿಲ್ಲದಿದ್ದರೆ ಮೊದಲ ಬುಡವನ್ನು ನೆಲಕ್ಕೆ ಬಿಗಿಯಬೇಕು, ಇಲ್ಲವೆ ಅದರ ಮೇಲೆ ಸಾಕಷ್ಟು ಭಾರ ಹೇರಬೇಕು.

ಈ ಲೆಕ್ಕಕ್ಕೆ ಮಿತಿಗಳಿವೆ. ಕಾಲುಗಳ ಸ್ವಂತ ತೂಕವನ್ನು ನಾವು ಬಿಟ್ಟಿದ್ದೇವೆ. ರಾಟೆಯ ಘರ್ಷಣೆಯಿಂದ, ಉಳಿಯನ್ನು ಜಗ್ಗನೆ ಎತ್ತುವುದರಿಂದ ಹಗ್ಗದ ಬಲ 20ನ್ನು ಮೀರುತ್ತದೆ. ಉದ್ದನೆಯ ಕಾಲು ಒತ್ತಡದಲ್ಲಿ ಬಾಗೀತೇ ಎಂಬುದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಗುಣಾಂಕ ಬಲವನ್ನು ತಿಳಿಸುತ್ತದೆಯೇ ಹೊರತು ಕಾಲಿನ ತಾಳಿಕೆಯನ್ನಲ್ಲ. 'ಸೆಳೆತ' ಎಂಬ ಹೆಸರೇ ಇರುವುದರಿಂದ ಪ್ರತಿ ಸದಸ್ಯವೂ ಸೆಳೆತದಲ್ಲಿದೆಯೆಂದು ಮೊದಲು ಊಹಿಸಿ, ನಿಜವನ್ನು ಚಿಹ್ನೆಯ ಬಾಯಿಂದ ಕೇಳಬೇಕೆಂಬುದು ಈ ವಿಧಾನದ ನಿಯಮ. ತ್ರಿಪಾದಿಯ ವಿಷಯದಲ್ಲಿ ಋಣ ಚಿಹ್ನೆಯೇ ಕ್ಷೇಮದ ಗುರುತು.