ಫೈಲು ಬಂತು ಸರಿ, ಪೂರ್ತಿ ಬಂತೆ?

ಕ್ರೋಮ್‌ನಲ್ಲಿ ದೊಡ್ಡ ಫೈಲೊಂದನ್ನು ಇಳಿಸಿಕೊಳ್ಳುವಾಗ ಡೌನ್‌ಲೋಡ್ ಫೋಲ್ಡರ್ ತೆರೆದು ನೋಡಿದವರಿಗೆ `.crdownload` ಎಂಬ ಬಾಲ ಹೊತ್ತ ಹೆಸರು ಕಂಡಿರುತ್ತದೆ. ಫೈರ್‌ಫಾಕ್ಸ್‌ನಲ್ಲಾದರೆ ಆ ಬಾಲ `.part`. ಕೊನೆಯ ಬೈಟು ಬಂದು ಸೇರಿದ ಮೇಲಷ್ಟೇ ಬಾಲ ಉದುರಿ ನಿಜವಾದ ಹೆಸರು ಉಳಿಯುತ್ತದೆ. ನಮಗೆ ಇದು ಕಣ್ಣಿಗೆ ಬಿದ್ದು ಮರೆತುಹೋಗುವ ಸಂಗತಿ. ಆದರೆ ಒಂದು ಫೋಲ್ಡರನ್ನು ರಾತ್ರಿಯಿಡೀ ಕಾಯುತ್ತ, ಅದರೊಳಗೆ ಏನು ಬಿದ್ದರೂ ಎತ್ತಿಕೊಂಡು ಮುಂದಿನ ಕೆಲಸಕ್ಕೆ ಹಚ್ಚುವ ತಂತ್ರಾಂಶಗಳಿಗೆ ಎಲ್ಲವೂ ಆ ಬಾಲದ ಮೇಲೆಯೇ ನಿಂತಿದೆ.

ಇಂಥ ಫೋಲ್ಡರಿಗೆ ಡ್ರಾಪ್ ಫೋಲ್ಡರ್ ಅನ್ನುತ್ತಾರೆ. ಮುದ್ರಣಾಲಯಗಳಲ್ಲಿ ಹಾಟ್ ಫೋಲ್ಡರ್ ಎಂಬ ಹೆಸರೂ ಇದೆ. ಪತ್ರಿಕೆಯ ಪುಟ ಇಂದು ಸಂಪಾದಕೀಯ ಕಚೇರಿಯಿಂದ ಮುದ್ರಣಾಲಯಕ್ಕೆ ಹೋಗುವುದು ಪಿಡಿಎಫ್ ರೂಪದಲ್ಲಿ. ಅಲ್ಲಿನ ಫೋಲ್ಡರಿಗೆ ಪುಟ ಬಂದು ಬೀಳುತ್ತದೆ, ಕಾಯುತ್ತಿದ್ದ ತಂತ್ರಾಂಶ ಅದನ್ನು ಎತ್ತಿಕೊಂಡು ಚುಕ್ಕಿಗಳಾಗಿ ಒಡೆದು ಪ್ಲೇಟಿಗೆ ಕಳಿಸುತ್ತದೆ. ನಡುವೆ ಮನುಷ್ಯರ ಕೈ ಬೀಳುವುದೇ ಇಲ್ಲ ಅನ್ನಬಹುದು. ತೊಂದರೆ ಇರುವುದೂ ಅಲ್ಲಿಯೇ. ಫೋಲ್ಡರಿನಲ್ಲಿ ಹೆಸರು ಕಾಣಿಸಿದ್ದಕ್ಕೂ ಫೈಲು ಪೂರ್ತಿ ಬಂದದ್ದಕ್ಕೂ ಸಂಬಂಧವಿಲ್ಲ. ಮೊದಲ ಬೈಟು ಬರೆಯುವ ಮುನ್ನವೇ ಹೆಸರು ಕಾಣಿಸಿಕೊಂಡುಬಿಡುತ್ತದೆ.

ಹಳೆಯ ಕಾಲದವರಿಗೆ ಈ ಗೊಂದಲ ಇರಲಿಲ್ಲ. ಕಂಪ್ಯೂಟರುಗಳ ನಡುವೆ ದತ್ತಾಂಶ ಮ್ಯಾಗ್ನೆಟಿಕ್ ಟೇಪಿನ ಸುರುಳಿಗಳಲ್ಲಿ ಓಡಾಡುತ್ತಿದ್ದಾಗ, ಪ್ರತಿ ಫೈಲಿನ ಹಿಂದೆ ಒಂದು ಕೊನೆಯ ಚೀಟಿಯನ್ನೂ ಟೇಪಿನ ಮೇಲೇ ಬರೆಯುತ್ತಿದ್ದರು. `EOF1` ಎಂದು ಶುರುವಾಗುವ ಆ ಚೀಟಿಯಲ್ಲಿ ಫೈಲಿನಲ್ಲಿ ಎಷ್ಟು ಬ್ಲಾಕುಗಳಿವೆ ಎಂಬ ಲೆಕ್ಕವೂ ಇರುತ್ತಿತ್ತು. ಟೇಪು ಮುಗಿದು ಫೈಲು ಮುಂದಿನ ಸುರುಳಿಗೆ ಹರಿದರೆ ಚೀಟಿ `EOV1` ಆಗುತ್ತಿತ್ತು. ಓದುವ ಯಂತ್ರ ತಾನು ಓದಿದ ಬ್ಲಾಕುಗಳನ್ನು ಎಣಿಸಿ ಚೀಟಿಯ ಸಂಖ್ಯೆಗೆ ಹೋಲಿಸಿ ನೋಡಿದರೆ ಸಾಕು. ಮುಗಿದದ್ದನ್ನು ಹೇಳುವ ಹೊಣೆ ಬರೆದವನದೇ ಆಗಿತ್ತು.

ಜಾಲ ಬಂದಾಗ ಈ ಚೀಟಿ ಕಳೆದುಹೋಯಿತು. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಫೈಲು ವರ್ಗಾವಣೆಯ ನಿಯಮಗಳ ಮೊದಲ ಕರಡನ್ನು ಬರೆದರು. ಎಫ್‌ಟಿಪಿ ಎಂದು ಹೆಸರಾದ ಆ ಪದ್ಧತಿ 1985ರಲ್ಲಿ ಆರ್‌ಎಫ್‌ಸಿ 959 ಎಂಬ ದಾಖಲೆಯಲ್ಲಿ ಇಂದಿನ ರೂಪಕ್ಕೆ ಬಂತು. ಅದರಲ್ಲಿ ಎಲ್ಲರೂ ಬಳಸುವ ಸ್ಟ್ರೀಮ್ ವಿಧಾನದಲ್ಲಿ ಫೈಲು ಮುಗಿಯಿತು ಎಂಬುದಕ್ಕೆ ಇರುವ ಗುರುತು ಒಂದೇ: ಕಳಿಸುವವನು ದತ್ತಾಂಶದ ಸಂಪರ್ಕವನ್ನು ಮುಚ್ಚುವುದು. ಆದರೆ ಕಳಿಸುತ್ತಿದ್ದ ಪ್ರೋಗ್ರಾಮನ್ನು ಯಾರಾದರೂ ಅರ್ಧದಲ್ಲಿ ಕೊಂದರೆ? ಆಗಲೂ ಆಪರೇಟಿಂಗ್ ಸಿಸ್ಟಮ್ ಸಂಪರ್ಕವನ್ನು ಅಚ್ಚುಕಟ್ಟಾಗಿಯೇ ಮುಚ್ಚುತ್ತದೆ. ಆ ತುದಿಯಲ್ಲಿರುವ ಸರ್ವರ್ ಅರ್ಧ ಫೈಲನ್ನೇ ಪೂರ್ಣವೆಂದು ನಂಬಿ ಇಟ್ಟುಕೊಳ್ಳಬಹುದು. ಕೊನೆಯನ್ನು ಬಾಯಿಬಿಟ್ಟು ಹೇಳುವ ಬ್ಲಾಕ್ ವಿಧಾನವೂ ಅದೇ ದಾಖಲೆಯಲ್ಲಿದೆ, ಆದರೆ ಅದನ್ನು ಬಳಸುವವರು ಸಿಗುವುದು ಅಪರೂಪ.

ಪರಿಹಾರದ ಒಂದು ಹಳೆಯ ಮಾದರಿ ಸಿಗುವುದು ಅಷ್ಟೇನೂ ಗ್ಲಾಮರ್ ಇಲ್ಲದ ಕಡೆ, ಪ್ರಿಂಟರ್ ಸರದಿಯಲ್ಲಿ. ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಪ್ರಿಂಟ್ ಆಗಬೇಕಾದದ್ದನ್ನು ಸ್ಪೂಲ್ ಎಂಬ ಫೋಲ್ಡರಿಗೆ ಹಾಕುತ್ತಿದ್ದರು. ಮುದ್ರಿಸಬೇಕಾದ ಪಠ್ಯದ ಫೈಲಿನ ಹೆಸರು `df` ಎಂದು ಶುರುವಾದರೆ, ಅದನ್ನು ಹೇಗೆ ಮುದ್ರಿಸಬೇಕು ಎಂಬ ಸೂಚನೆಯ ಫೈಲಿನದು `cf`. ಪ್ರಿಂಟರ್ ನೋಡಿಕೊಳ್ಳುವ ಪ್ರೋಗ್ರಾಮ್ ಹುಡುಕುವುದು `cf`ಗಳನ್ನು ಮಾತ್ರ. ಕಳಿಸುವ ಪ್ರೋಗ್ರಾಮ್ ಸೂಚನೆಯನ್ನು ಮೊದಲು `tf` ಎಂಬ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಲ್ಲ ಮುಗಿದ ಮೇಲೆ ಅದನ್ನು `cf` ಆಗಿಸುತ್ತದೆ. ಬದಲಾಗುವುದು ಒಂದೇ ಅಕ್ಷರ. ಆ ಅಕ್ಷರ ಬಸ್ ಕಂಡಕ್ಟರನ ಸೀಟಿ ಇದ್ದಂತೆ: ಕೊನೆಯ ಪ್ರಯಾಣಿಕ ಹತ್ತಿದನೋ ಇಲ್ಲವೋ ಎಂದು ಡ್ರೈವರ್ ಕನ್ನಡಿಯಲ್ಲಿ ನೋಡಿ ಊಹಿಸುತ್ತ ಕೂರಬೇಕಿಲ್ಲ.

ಹೆಸರು ಬದಲಾಯಿಸುವುದು ಇಷ್ಟು ನಂಬಿಕಸ್ಥ ಯಾಕೆಂದರೆ ಅದಕ್ಕೆ ಅರ್ಧ ಸ್ಥಿತಿ ಎಂಬುದಿಲ್ಲ. 1983ರ 4.2ಬಿಎಸ್‌ಡಿಯಲ್ಲಿ `rename` ಎಂಬ ಒಂದೇ ಕರೆಯಲ್ಲಿ ಇದನ್ನು ಮಾಡುವ ವ್ಯವಸ್ಥೆ ಬಂತು. ಫೈಲಿನ ಒಳಗಿನ ಬೈಟುಗಳು ಅಲುಗುವುದಿಲ್ಲ. ಫೋಲ್ಡರಿನ ಪಟ್ಟಿಯಲ್ಲಿ ಹೆಸರಷ್ಟೇ ಬದಲಾಗುತ್ತದೆ. ನೋಡುವವರಿಗೆ ಹಳೆಯ ಹೆಸರು ಕಾಣುತ್ತದೆ ಇಲ್ಲವೇ ಹೊಸದು. ಒಂದು ಷರತ್ತುಂಟು, ಎರಡೂ ಹೆಸರುಗಳು ಒಂದೇ ಡಿಸ್ಕ್ ವಿಭಾಗದಲ್ಲಿರಬೇಕು. ಬೇರೆ ಡಿಸ್ಕಿಗೆ `mv` ಮಾಡಿದರೆ ಅದು ಒಳಗೊಳಗೇ ನಕಲು ಮಾಡಿ ಹಳೆಯದನ್ನು ಅಳಿಸುತ್ತದೆ, ಅಲ್ಲಿಗೆ ಅರ್ಧ ಫೈಲಿನ ಸಮಸ್ಯೆ ಹೊಸ ಜಾಗದಲ್ಲಿ ಮತ್ತೆ ಹುಟ್ಟುತ್ತದೆ. ತಾತ್ಕಾಲಿಕ ಫೋಲ್ಡರನ್ನು `/tmp`ನಲ್ಲಿ ಇಟ್ಟುಕೊಂಡು ಎಲ್ಲ ಸರಿ ಇದೆ ಅಂದುಕೊಳ್ಳುವವರು ಬೀಳುವುದು ಈ ಗುಂಡಿಗೇ.

1990ರ ದಶಕದ ಮಧ್ಯದಲ್ಲಿ ಡೇನಿಯಲ್ ಬರ್ನ್‌ಸ್ಟೀನ್ ಕ್ಯೂಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ಇದನ್ನು ಇನ್ನಷ್ಟು ಒಪ್ಪವಾಗಿಸಿದರು. ಅವರ ಮೇಲ್‌ಡಿರ್ ಪದ್ಧತಿಯಲ್ಲಿ ಪತ್ರವನ್ನು `tmp`ನಲ್ಲಿ ಬರೆದು, ಡಿಸ್ಕಿಗೆ ಸೇರಿದ್ದನ್ನು ಖಚಿತಪಡಿಸಿಕೊಂಡು, ಆಮೇಲೆ `new`ಗೆ ದಾಟಿಸುತ್ತಾರೆ. ಓದುವವನು `tmp` ಕಡೆ ತಲೆ ಹಾಕುವುದೇ ಇಲ್ಲ. ಯಾವ ಬೀಗವೂ ಬೇಕಿಲ್ಲ.

ಇಷ್ಟೆಲ್ಲ ಇದ್ದೂ ಇವತ್ತಿಗೂ ಎಷ್ಟೋ ಡ್ರಾಪ್ ಫೋಲ್ಡರುಗಳು ಊಹೆಯ ಮೇಲೆಯೇ ನಡೆಯುತ್ತಿವೆ. ಕಾರಣ ಸುಲಭ: ಕಳಿಸುವವರು ಬೇರೆ ಸಂಸ್ಥೆಯವರು, ಅವರಿಗೆ ಹೀಗೆ ಕಳಿಸಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆಗ ಮಾಡುವುದು ಫೈಲಿನ ಗಾತ್ರವನ್ನು ಆಗಾಗ ನೋಡಿ, ಎರಡು ಸಲ ಒಂದೇ ಆಗಿದ್ದರೆ ಮುಗಿದಿದೆ ಎಂದುಕೊಳ್ಳುವುದು. ಮುದ್ರಣಾಲಯಕ್ಕೆ ಇದನ್ನು ಅನ್ವಯಿಸಿ ನೋಡೋಣ. ಪುಟದ ತೂಕ 48 ಮೆಗಾಬೈಟ್, ಲೈನಿನ ವೇಗ ಸೆಕೆಂಡಿಗೆ 2 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಎಲ್ಲ ನೆಟ್ಟಗಿದ್ದರೆ 24 ಸೆಕೆಂಡಿನ ಕೆಲಸ. ಕಾಯುವ ಪ್ರೋಗ್ರಾಮ್ 5 ಸೆಕೆಂಡಿಗೊಮ್ಮೆ ಇಣುಕುತ್ತದೆ. ಐದನೇ ಸೆಕೆಂಡಿಗೆ 10 ಮೆಗಾಬೈಟ್, ಹತ್ತನೆಯದಕ್ಕೆ 20. ಹನ್ನೊಂದನೇ ಸೆಕೆಂಡಿನಲ್ಲಿ, 22 ಮೆಗಾಬೈಟ್ ಬಂದಿದ್ದಾಗ, ಲೈನು ಹನ್ನೆರಡು ಸೆಕೆಂಡು ಸುಮ್ಮನಾಗುತ್ತದೆ. ಹದಿನೈದಕ್ಕೆ ಇಣುಕಿದರೆ 22, ಇಪ್ಪತ್ತಕ್ಕೆ ಇಣುಕಿದರೂ 22. ಮುಗಿಯಿತು ಎಂದು ಪ್ರೋಗ್ರಾಮ್ ಫೈಲನ್ನು ಕೆಲಸದ ಫೋಲ್ಡರಿಗೆ ಸರಿಸಿ ಓದಲು ಶುರು ಮಾಡುತ್ತದೆ.

ಇಪ್ಪತ್ತಮೂರನೇ ಸೆಕೆಂಡಿಗೆ ಲೈನು ಚೇತರಿಸಿಕೊಂಡಾಗ ಏನಾಗುತ್ತದೆ ಎಂಬುದು ಸ್ವಾರಸ್ಯಕರ. ಯೂನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ತೆರೆದಿರುವ ಫೈಲಿನ ಹೆಸರು ಬದಲಾದರೂ ಬರೆಯುತ್ತಿರುವವನ ಹಿಡಿತ ತಪ್ಪುವುದಿಲ್ಲ. ಉಳಿದ 26 ಮೆಗಾಬೈಟ್ ಕೂಡ ಅದೇ ಫೈಲಿಗೆ, ಅದರ ಹೊಸ ಜಾಗದಲ್ಲಿ, ಬಂದು ಸೇರುತ್ತದೆ. ಮೂವತ್ತಾರನೇ ಸೆಕೆಂಡಿಗೆ ಫೈಲು ಪರಿಪೂರ್ಣ! ಅಷ್ಟರಲ್ಲಿ ಓದುವವನು ಕೈಗೆ ಸಿಕ್ಕಷ್ಟನ್ನು ಓದಿ ಮುಗಿಸಿರುತ್ತಾನೆ. ಪ್ಲೇಟಿನಲ್ಲಿ ಚಿತ್ರ ಕಾಣೆಯಾಗಿದೆ ಎಂದು ಯಾರೋ ಓಡಿಬಂದು ಫೈಲು ತೆರೆದರೆ ಅದರಲ್ಲಿ ಚಿತ್ರ ಇದೆ, ಗಾತ್ರ 48 ಮೆಗಾಬೈಟ್, ಕಳಿಸಿದವರ ಬಳಿ ಇರುವುದಕ್ಕೆ ತದ್ರೂಪು. ಯಂತ್ರದ ಮೇಲೆ ಅನುಮಾನ, ಫಾಂಟಿನ ಮೇಲೆ ಅನುಮಾನ. ಪುಟವನ್ನು ಮತ್ತೊಮ್ಮೆ ಓಡಿಸಿದರೆ ಸರಿಯಾಗಿಯೇ ಬರುತ್ತದೆ. ಇದನ್ನು ಹಿಡಿಯಲು ಇರುವ ದಾರಿ ಒಂದೇ: ಓದುವ ಪ್ರೋಗ್ರಾಮ್ ತಾನು ಎಷ್ಟು ಬೈಟು ಓದಿದೆನೆಂದು ಲಾಗ್‌ನಲ್ಲಿ ಬರೆದಿಟ್ಟಿದ್ದರೆ ಆ ಸಂಖ್ಯೆಯನ್ನು ಫೈಲಿನ ಗಾತ್ರದೊಂದಿಗೆ ತಾಳೆ ನೋಡುವುದು.

ಕಾಯುವ ಅವಧಿಯನ್ನು ಒಂದು ನಿಮಿಷಕ್ಕೆ ಏರಿಸಬಹುದು. ಆಗ ಡೆಡ್‌ಲೈನಿನ ಹೊತ್ತಿನಲ್ಲಿ ಪ್ರತಿ ಪುಟವೂ ಒಂದು ನಿಮಿಷ ತಡ, ಲೈನು ಎರಡು ನಿಮಿಷ ನಿಂತ ದಿನ ಮತ್ತದೇ ಕಥೆ. ವಿಂಡೋಸ್‌ನಿಂದ ಹಂಚಿಕೆಯ ಫೋಲ್ಡರಿಗೆ ನಕಲು ಮಾಡುವಾಗಲಂತೂ ಪೂರ್ಣ ಗಾತ್ರವನ್ನು ಮೊದಲೇ ಕಾದಿರಿಸಿಬಿಡುವುದುಂಟು. ಗಾತ್ರ ಮೊದಲ ಕ್ಷಣದಿಂದಲೇ ಅಲುಗದೆ ನಿಂತಿರುತ್ತದೆ.

2005ರಲ್ಲಿ ಲಿನಕ್ಸ್ 2.6.13ರ ಜೊತೆ ಐನೋಟಿಫೈ ಬಂದಾಗ ಇಣುಕುವ ಕಾಟ ತಪ್ಪಿತು. ಜಾನ್ ಮೆಕ್‌ಕಚನ್ ಮತ್ತು ರಾಬರ್ಟ್ ಲವ್ ಬರೆದ ಈ ವ್ಯವಸ್ಥೆಯಲ್ಲಿ ಫೋಲ್ಡರಿನಲ್ಲಿ ಏನಾದರೂ ಆದರೆ ಕರ್ನೆಲ್ಲೇ ಕರೆದು ಹೇಳುತ್ತದೆ. `IN_CREATE` ಅಂದರೆ ಹೆಸರು ಹುಟ್ಟಿತು. `IN_CLOSE_WRITE` ಅಂದರೆ ಬರೆಯಲು ತೆರೆದವನು ಮುಚ್ಚಿದ. ಬಹಳ ಮಂದಿ ಈ ಎರಡನೆಯದನ್ನು ಹಿಡಿದು ನೆಮ್ಮದಿಯಾಗಿದ್ದಾರೆ, ಅದು ಗಾತ್ರ ನೋಡುವುದಕ್ಕಿಂತ ಎಷ್ಟೋ ವಾಸಿಯೂ ಹೌದು. ಆದರೆ ಸಂಪರ್ಕ ಕಡಿದುಹೋದಾಗಲೂ ಸರ್ವರ್ ಫೈಲನ್ನು ಮುಚ್ಚುತ್ತದೆ, ಆಗಲೂ ಅದೇ ಕರೆ ಬರುತ್ತದೆ. ಮುಚ್ಚಿದ್ದನ್ನು ಕರ್ನೆಲ್ ಬಲ್ಲದು, ಮುಗಿದದ್ದನ್ನು ಅದು ಬಲ್ಲುದಾದರೂ ಹೇಗೆ? ಇನ್ನೊಂದು ಕೊರತೆ, ಕಾಯುವ ಪ್ರೋಗ್ರಾಮ್ ಎದ್ದೇಳುವ ಮುನ್ನ ಬಂದು ಬಿದ್ದ ಫೈಲುಗಳ ಬಗ್ಗೆ ಯಾವ ಕರೆಯೂ ಬರುವುದಿಲ್ಲ. ಹಾಗಾಗಿ ಎದ್ದ ಕೂಡಲೇ ಒಮ್ಮೆ, ಆಮೇಲೆ ಆಗಾಗ, ಫೋಲ್ಡರನ್ನು ಪೂರ್ತಿ ನೋಡಲೇಬೇಕು.

ಕಳಿಸುವವರು ಒಪ್ಪಿದರೆ ಎರಡು ಸಾಲಿನಲ್ಲಿ ಮುಗಿಯುವ ಮಾತಿದು. ಎಸ್‌ಎಫ್‌ಟಿಪಿಯಲ್ಲಿ:

```
put page07.pdf page07.pdf.part
rename page07.pdf.part page07.pdf
```

ಮೊದಲ ಸಾಲು ಅರ್ಧದಲ್ಲಿ ಸತ್ತರೆ ಎರಡನೆಯದು ನಡೆಯಬಾರದು, ಅಷ್ಟನ್ನು ಸ್ಕ್ರಿಪ್ಟ್ ನೋಡಿಕೊಳ್ಳಬೇಕು. ಇತ್ತ ಕಾಯುವವನು `.part` ಇರುವುದನ್ನೆಲ್ಲ ಬಿಟ್ಟು, ಹೆಸರು ಬದಲಾದಾಗ ಬರುವ `IN_MOVED_TO` ಕರೆಗೆ ಕಿವಿಗೊಡಬೇಕು. `IN_CLOSE_WRITE` ಒಂದನ್ನೇ ನೆಚ್ಚಿಕೊಂಡವರಿಗೆ ಇಲ್ಲಿ ಪುಟ ಸಿಗುವುದೇ ಇಲ್ಲ, ಏಕೆಂದರೆ ಹೆಸರು ಬದಲಾಯಿಸಲು ಫೈಲನ್ನು ತೆರೆದು ಮುಚ್ಚುವ ಅಗತ್ಯವಿಲ್ಲ. ಕೆಲವು ಸರ್ವರುಗಳು ಇದನ್ನು ತಾವೇ ಮಾಡಿಕೊಡುತ್ತವೆ. ಪ್ರೊಎಫ್‌ಟಿಪಿಡಿಯಲ್ಲಿ `HiddenStores` ಎಂಬ ಆಯ್ಕೆ ಹಾಕಿದರೆ ಬರುತ್ತಿರುವ ಫೈಲು `.in.` ಎಂದು ಶುರುವಾಗುವ ಹೆಸರಿನಲ್ಲಿ ಅಡಗಿರುತ್ತದೆ. ಕಳಿಸುವವನ ಪ್ರೋಗ್ರಾಮ್ ಸತ್ತು ಸಂಪರ್ಕ ಸಲೀಸಾಗಿ ಮುಚ್ಚಿಕೊಂಡ ಪ್ರಸಂಗದಲ್ಲಿ ಅದೂ ಮೋಸಹೋಗಬಹುದು.

ಕಳಿಸುವವರು ಒಪ್ಪದಿದ್ದರೆ ಫೈಲಿನ ಒಳಗೇ ಸಾಕ್ಷಿ ಹುಡುಕಬೇಕು. ಪಿಡಿಎಫ್‌ನ ಮಟ್ಟಿಗೆ ಅದೃಷ್ಟ ಚೆನ್ನಾಗಿದೆ: ಅದರ ಕೊನೆಯಲ್ಲಿ `%%EOF` ಎಂಬ ಗುರುತು ಇರುತ್ತದೆ. ಅದನ್ನು ಹುಡುಕಬೇಕಾದದ್ದು ಕೊನೆಯ 1024 ಬೈಟುಗಳಲ್ಲಿ ಮಾತ್ರ, ಏಕೆಂದರೆ ಜಾಲದಲ್ಲಿ ಬೇಗ ತೆರೆದುಕೊಳ್ಳಲೆಂದು ಜೋಡಿಸಿದ ಪಿಡಿಎಫ್‌ಗಳಲ್ಲಿ ಆರಂಭದ ಬಳಿಯೂ ಒಂದು `%%EOF` ಇರುತ್ತದೆ. ಗುರುತು ಸಿಗದ ಪುಟವನ್ನು ತಡೆದು ನಿಲ್ಲಿಸಬೇಕೇ ಹೊರತು ಹಾಗೇ ಮುಂದಕ್ಕೆ ಬಿಡಬಾರದು; ಕೆಲವು ತಂತ್ರಾಂಶಗಳು ಮುರಿದ ಪಿಡಿಎಫನ್ನು ತಾವೇ ದುರಸ್ತಿ ಮಾಡಿಕೊಂಡು, ಸಿಕ್ಕಷ್ಟನ್ನು ಮುದ್ರಿಸಿ, ತಪ್ಪನ್ನು ಹೇಳದೆ ಮುಂದೆ ಹೋಗುತ್ತವೆ. ಲೆಕ್ಕಪತ್ರದ ಸಿಎಸ್‌ವಿ ಫೈಲಿಗೆ ಈ ಅದೃಷ್ಟವೂ ಇಲ್ಲ. ಅರ್ಧ ಸಿಎಸ್‌ವಿಯೂ ಒಂದು ಸರಿಯಾದ ಸಿಎಸ್‌ವಿಯೇ, ಕೊನೆಯ ಸಾಲುಗಳು ಇರುವುದಿಲ್ಲ ಅಷ್ಟೆ. ಅದಕ್ಕೇ ಹಣದ ವ್ಯವಹಾರದ ಫೈಲುಗಳ ಕೊನೆಯಲ್ಲಿ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಹೇಳುವ ಸಾಲೊಂದನ್ನು ಸೇರಿಸುವುದು ರೂಢಿ. ಟೇಪಿನ ಕಾಲದ ಚೀಟಿ ಹಾಗೆ ಮರಳಿ ಬಂದಿದೆ.

ಅಮೆಜಾನ್ 2006ರಲ್ಲಿ ತೆರೆದ ಎಸ್3 ಸಂಗ್ರಹದಲ್ಲಿ ಈ ಪ್ರಶ್ನೆಯ ಒಂದು ಭಾಗ ಹುಟ್ಟುವುದೇ ಇಲ್ಲ: ಪೂರ್ತಿ ಏರದ ವಸ್ತು ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ದೊಡ್ಡ ಫೈಲನ್ನು ತುಂಡುತುಂಡಾಗಿ ಏರಿಸಿದರೂ, ಎಲ್ಲ ಸೇರಿಸು ಎಂದು ಕಳಿಸುವವನು ಕೊನೆಗೆ ಹೇಳುವ ತನಕ ಅದು ಫೈಲೇ ಅಲ್ಲ. ಹೇಳದೇ ಹೋದರೆ ತುಂಡುಗಳು ಕಣ್ಣಿಗೆ ಬೀಳದೆ ಉಳಿದು, ತಿಂಗಳ ಬಿಲ್ಲಿನಲ್ಲಿ ಬಾಡಿಗೆಯಾಗಿ ಕಾಣಿಸಿಕೊಳ್ಳುತ್ತವೆ.

ಅನಾಥವಾಗಿ ಉಳಿದ ಅರ್ಧ ಫೈಲುಗಳ ಪಾಡನ್ನು ಬರ್ನ್‌ಸ್ಟೀನ್ ಆಗಲೇ ಯೋಚಿಸಿದ್ದರು. ಮೇಲ್‌ಡಿರ್‌ನ `tmp`ನಲ್ಲಿ 36 ಗಂಟೆ ಯಾರೂ ಮುಟ್ಟದ ಫೈಲನ್ನು ಅಳಿಸಬಹುದು ಎಂಬುದು ಅವರ ನಿಯಮ. ಮುದ್ರಣಾಲಯಕ್ಕೆ ಅಷ್ಟು ಸಾವಧಾನವಿಲ್ಲ. `.part` ಒಂದು ಹತ್ತು ನಿಮಿಷದಿಂದ ಬೆಳೆಯದೆ ಕೂತಿದ್ದರೆ ಅದನ್ನು ಅಳಿಸುವ ಮೊದಲು ಪುಟ ಕಳಿಸಿದ ಡೆಸ್ಕಿಗೆ ಫೋನು ಹೋಗಬೇಕು: ಏಳನೇ ಪುಟ ಇನ್ನೊಮ್ಮೆ ಕಳಿಸಿ.