ಪಾರ್ಸೆಲ್ಲಿನೊಳಗಿನ ಧನ್ಯವಾದದ ಚೀಟಿ

ಆನ್‌ಲೈನಿನಲ್ಲಿ ತರಿಸಿದ ಪಾರ್ಸೆಲ್ ಬಿಚ್ಚಿದರೆ ಈಗೀಗ ಒಳಗೊಂದು ಸಣ್ಣ ಕಾರ್ಡು ಸಿಗುತ್ತದೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ: ‘ನಮ್ಮಲ್ಲಿ ಕೊಂಡಿದ್ದಕ್ಕೆ ಧನ್ಯವಾದ. ಇಷ್ಟವಾದರೆ ಐದು ಸ್ಟಾರ್ ಕೊಡಿ. ಇಷ್ಟವಾಗದಿದ್ದರೆ ಈ ನಂಬರಿಗೆ ವಾಟ್ಸಾಪ್ ಮಾಡಿ. ರಿವ್ಯೂ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ ಮುಂದಿನ ಆರ್ಡರಿಗೆ ಶೇ. 10 ರಿಯಾಯಿತಿ.’ ಇದನ್ನು ಬರೆಯುವವರಲ್ಲಿ ಹೆಚ್ಚಿನವರಿಗೆ ಮೋಸ ಮಾಡುವ ಉದ್ದೇಶವೇನೂ ಇರುವುದಿಲ್ಲ. ಆದರೂ ಮೊದಲ ವಾಕ್ಯವನ್ನು ಬಿಟ್ಟರೆ ಉಳಿದ ಮೂರೂ ವಾಕ್ಯಗಳಲ್ಲಿ ದೋಷವಿದೆ, ಮತ್ತು ಆ ದೋಷದಿಂದ ಕಡೆಗೆ ನಷ್ಟವಾಗುವುದು ಮಾರುವವರಿಗೇ.

ಒಂದು ಉದಾಹರಣೆ ಹಿಡಿದು ನೋಡೋಣ. ಶಿರಸಿ ಕಡೆಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ತಮ್ಮದೇ ವೆಬ್‌ಸೈಟಿನ ಮೂಲಕ ಅರ್ಧ ಕಿಲೋ ಬಾಟಲಿಯನ್ನು 350 ರೂಪಾಯಿಗೆ ಬೆಂಗಳೂರು, ಪುಣೆ ಅಂತ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಊರಿನ ನೆಂಟರಿಷ್ಟರಿಗೆ ಚೀಟಿ ಬೇಕಾಗಿಲ್ಲ. ಅವರು ಫೋನ್ ಮಾಡಿಯೇ ತರಿಸಿಕೊಳ್ಳುತ್ತಾರೆ. ಚೀಟಿ ಬೇಕಾಗಿರುವುದು ಮೊದಲ ಸಲ ತರಿಸಿದ, ಮಿಡಿ ಉಪ್ಪಿನಕಾಯಿಯ ರುಚಿಯನ್ನೇ ಅಷ್ಟಾಗಿ ಅರಿಯದ ಗಿರಾಕಿಗೆ.

ಆ ಗಿರಾಕಿಯ ಕೈಗೆ ಚೀಟಿ ಯಾವಾಗ ಸಿಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಡಬ್ಬ ಬಿಚ್ಚಿದ ಗಳಿಗೆಯಲ್ಲಿ ಅವರು ಉಪ್ಪಿನಕಾಯಿಯನ್ನು ಬಾಯಿಗೆ ಇಟ್ಟಿರುವುದೇ ಇಲ್ಲ. ಆಗಲೇ ‘ಐದು ಸ್ಟಾರ್ ಕೊಡಿ’ ಎಂದರೆ ಅವರು ಹೇಳಬಹುದಾದದ್ದು ಪ್ಯಾಕಿಂಗ್ ಬಗ್ಗೆ ಮಾತ್ರ. ‘ಬೇಗ ಬಂತು, ಚೆನ್ನಾಗಿ ಪ್ಯಾಕ್ ಮಾಡಿದ್ದರು’ ಎಂಬಂಥ ರಿವ್ಯೂಗಳು ಸಾಲುಸಾಲಾಗಿ ಬೀಳುವುದು ಹೀಗೆ. ಮುಂದೆ ಕೊಳ್ಳಲು ಬಂದವರಿಗೆ ಅವುಗಳಿಂದ ಹುಳಿ ಎಷ್ಟು, ಖಾರ ಎಷ್ಟು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಚೀಟಿಯಲ್ಲೇ ಸಮಯ ಹೇಳುವುದು ಒಳ್ಳೆಯದು: ‘ನಾಲ್ಕಾರು ಊಟಕ್ಕೆ ಬಡಿಸಿಕೊಂಡ ಮೇಲೆ ಬರೆಯಿರಿ.’

ಇನ್ನು ಆ ಎರಡು ವಾಕ್ಯಗಳು: ಇಷ್ಟವಾದರೆ ಸ್ಟಾರ್ ಕೊಡಿ, ಇಷ್ಟವಾಗದಿದ್ದರೆ ನಮಗೆ ಹೇಳಿ. ಕೇಳುವುದಕ್ಕೆ ಸೌಜನ್ಯದ ಮಾತೇ. ದೂರು ಮೊದಲು ತಮ್ಮ ಕಿವಿಗೆ ಬೀಳಲಿ, ಸರಿಪಡಿಸುತ್ತೇವೆ ಎಂಬ ಆಸೆ ಅದರ ಹಿಂದಿದೆ. ಆದರೆ ಆ ಎರಡೂ ಜೊತೆಗೂಡಿ ಮಾಡುವ ಕೆಲಸ ಬೇರೆ. ಮೆಚ್ಚಿದವರನ್ನು ಎಲ್ಲರೂ ಓದುವ ಪುಟಕ್ಕೂ ಮೆಚ್ಚದವರನ್ನು ಯಾರಿಗೂ ಕಾಣದ ವಾಟ್ಸಾಪಿಗೂ ಕಳಿಸಿಬಿಡುತ್ತವೆ. ಆ ಪುಟ ನೋಡಿ ಕೊಳ್ಳುವ ಮುಂದಿನವರಿಗೆ ಅರ್ಧ ಸತ್ಯವಷ್ಟೇ ಸಿಗುತ್ತದೆ. ಗೂಗಲ್‌ನ ರಿವ್ಯೂ ನಿಯಮ ಇದನ್ನು ಹೆಸರಿಟ್ಟೇ ಬೇಡವೆನ್ನುತ್ತದೆ: ಒಳ್ಳೆಯ ರಿವ್ಯೂಗಳನ್ನಷ್ಟೇ ಆರಿಸಿ ಕೇಳಬಾರದು, ಕೆಟ್ಟದ್ದು ಬರೆಯದಂತೆ ತಡೆಯಬಾರದು. ಅಮೆಜಾನ್‌ನಲ್ಲಿ ಮಾರುವವರೂ ರಿವ್ಯೂ ಕೇಳಬಹುದು, ಆದರೆ ಯಾವ ಕಡೆಗೂ ವಾಲದ ಮಾತಿನಲ್ಲಿ ಕೇಳಬೇಕು. ತೃಪ್ತರಾದವರನ್ನು ಮಾತ್ರ ಕೇಳುವಂತಿಲ್ಲ, ಅತೃಪ್ತರನ್ನು ಬೇರೆಡೆಗೆ ತಿರುಗಿಸುವಂತಿಲ್ಲ.

ಹಾಗಾದರೆ ದೂರಿನ ನಂಬರು ಕೊಡಲೇಬಾರದೇ? ಕೊಡಬೇಕು, ಖಂಡಿತ ಕೊಡಬೇಕು. ಬಾಟಲಿ ಒಡೆದಿದ್ದರೆ, ಮುಚ್ಚಳದಿಂದ ಸೋರಿದ್ದರೆ ಗಿರಾಕಿ ಏನು ಮಾಡಬೇಕು ಎಂಬುದು ಚೀಟಿಯಲ್ಲಿ ಇರಲೇಬೇಕು. ಆದರೆ ರಿವ್ಯೂ ಕೇಳುವ ವಾಕ್ಯಕ್ಕೂ ಇದಕ್ಕೂ ‘ಇಲ್ಲದಿದ್ದರೆ’ ಎಂಬ ಕೊಂಡಿ ಬೇಡ. ಎರಡನ್ನೂ ಬೇರೆಬೇರೆ ಜಾಗದಲ್ಲಿ ಬರೆದರೆ ಆಯಿತು. ಒಡೆದ ಬಾಟಲಿಗೆ ಬದಲಿ ಸಿಕ್ಕಿದ ಮೇಲೂ ಆ ಗಿರಾಕಿ ತನಗೆ ಅನಿಸಿದ್ದನ್ನು ಬರೆಯುವ ಸ್ವಾತಂತ್ರ್ಯ ಉಳಿಸಿಕೊಂಡಿರುತ್ತಾರೆ. ‘ಒಡೆದು ಬಂದಿತ್ತು, ಫೋಟೊ ಕಳಿಸಿದೆ, ನಾಲ್ಕನೇ ದಿನ ಬೇರೆಯದು ಬಂತು’ ಎಂಬಂಥ ರಿವ್ಯೂ ಹತ್ತು ಹೊಗಳಿಕೆಗಿಂತ ಹೆಚ್ಚು ವಿಶ್ವಾಸ ಹುಟ್ಟಿಸುತ್ತದೆ ಎಂದು ನಾನು ನಂಬಿದ್ದೇನೆ.

ನಾಲ್ಕನೆಯ ವಾಕ್ಯ, ಅಂದರೆ ರಿವ್ಯೂಗೆ ರಿಯಾಯಿತಿ, ಇನ್ನೂ ತೊಡಕಿನದು. ಅಮೆಜಾನ್ 2016ರ ಅಕ್ಟೋಬರಿನಲ್ಲೇ, ಪುಕ್ಕಟೆ ಸಾಮಾನು ಅಥವಾ ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವ ಮಾರಾಟಗಾರರ ಪದ್ಧತಿಯನ್ನು ನಿಷೇಧಿಸಿತು. ಗೂಗಲ್‌ನಲ್ಲೂ ಇದಕ್ಕೆ ಅವಕಾಶವಿಲ್ಲ. ನಮ್ಮ ದೇಶದಲ್ಲಿ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರುವವರೇ ಗಿರಾಕಿಯ ವೇಷದಲ್ಲಿ ರಿವ್ಯೂ ಬರೆಯುವುದನ್ನು ತಡೆಯುತ್ತವೆ. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೊ IS 19000:2022 ಎಂಬ ಮಾನದಂಡವನ್ನೂ ತಂದಿದೆ. ನಿಯಮ ಹಾಗಿರಲಿ, 35 ರೂಪಾಯಿ ಉಳಿಸಿಕೊಂಡವರಿಗೆ ‘ಉಪ್ಪು ಸ್ವಲ್ಪ ಜಾಸ್ತಿ’ ಎಂದು ಬರೆಯಲು ಸಂಕೋಚವಾಗುತ್ತದೆ. ಮಾರುವವರಿಗೆ ಕೇಳಿಸಲೇಬೇಕಾಗಿದ್ದ ಮಾತು ಅದೇ.

ಹಾಗೆಂದು ರಿಯಾಯಿತಿ ಕೊಡಬಾರದೆಂದಿಲ್ಲ. ರಿವ್ಯೂ ಬರೆಯಲಿ ಬಿಡಲಿ, ಬಾಟಲಿ ತರಿಸಿದ ಎಲ್ಲರಿಗೂ ಸಿಗುವ ಕೂಪನ್ ಆದರೆ ತಕರಾರಿಲ್ಲ. ಆದರೆ ಅದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಒಂದು ಕಾರ್ಡಿಗೆ 3 ರೂಪಾಯಿ, ಒಂದು ಬಾಟಲಿಯಲ್ಲಿ ಎಲ್ಲ ಖರ್ಚು ಕಳೆದು ಉಳಿಯುವುದು 90 ರೂಪಾಯಿ ಎಂದು ಹಿಡಿಯಿರಿ. ನೂರು ಪಾರ್ಸೆಲ್ಲಿಗೆ ಕಾರ್ಡಿನ ಖರ್ಚು 300. ರಿಯಾಯಿತಿ ಇಲ್ಲದ ಕಾರ್ಡಾದರೆ, ಅದರಿಂದಾಗಿ ನಾಲ್ಕು ಆರ್ಡರು ಹೆಚ್ಚು ಬಂದರೂ ದುಡ್ಡು ಹುಟ್ಟಿತು. ಶೇ. 10 ರಿಯಾಯಿತಿ ಇಟ್ಟರೆ ಬಾಟಲಿಗೆ ಉಳಿಯುವುದು 55. ಸಾಲದ್ದಕ್ಕೆ, ಕಾರ್ಡು ಇಲ್ಲದಿದ್ದರೂ ಮತ್ತೆ ತರಿಸುತ್ತಿದ್ದವರೂ ಕೂಪನ್ ಬಳಸುತ್ತಾರೆ. ಅಂಥವರು ಹನ್ನೆರಡು ಜನ ಇದ್ದರೆ 420 ರೂಪಾಯಿ ಅಲ್ಲೇ ಹೋಯಿತು. ಒಟ್ಟು 720 ರೂಪಾಯಿ ಹಿಂದಕ್ಕೆ ಬರಬೇಕಾದರೆ ಹದಿನಾಲ್ಕು ಹೊಸ ಆರ್ಡರು ಬೇಕು. ನಾಲ್ಕಕ್ಕೂ ಹದಿನಾಲ್ಕಕ್ಕೂ ಇರುವ ಅಂತರ ದೊಡ್ಡದು.

ಕೂಪನ್ ಕೊಡುವುದೇ ಆದರೆ ಅವಧಿ ಮುಖ್ಯ. ‘15 ದಿನದೊಳಗೆ ಬಳಸಿ’ ಎಂದು ಅಚ್ಚಾಗಿರುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಅರ್ಧ ಕಿಲೋ ಉಪ್ಪಿನಕಾಯಿ ಇಬ್ಬರು ಮೂವರ ಮನೆಯಲ್ಲಿ ಹದಿನೈದು ದಿನಕ್ಕೆ ಮುಗಿಯುವುದಿಲ್ಲ. ಬಾಟಲಿ ಖಾಲಿಯಾಗುವ ಹೊತ್ತಿಗೆ ಕೂಪನ್ ಸತ್ತಿರುತ್ತದೆ. ಮೂರು ತಿಂಗಳು ಇಟ್ಟರೆ ಅದಕ್ಕೆ ಅರ್ಥವಿದೆ. ಇನ್ನೂ ಸರಳ ಉಪಾಯವೆಂದರೆ, ಮತ್ತೆ ತರಿಸುವ ದಾರಿಯನ್ನು ಬಾಟಲಿಯ ಮೇಲೇ ಅಂಟಿಸುವುದು. ಕಾರ್ಡು ಕಳೆದುಹೋಗಬಹುದು, ಬಾಟಲಿ ತಳ ಕಾಣುವವರೆಗೂ ಅಡುಗೆಮನೆಯಲ್ಲೇ ಇರುತ್ತದೆ.

ಹಾಗಾದರೆ ಆ ಮನೆಯವರ ಕಾರ್ಡಿನಲ್ಲಿ ಏನಿರಬೇಕು? ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ. ನಮ್ಮ ಮನೆಯ ಅಪ್ಪೆಮಿಡಿ ತರಿಸಿಕೊಂಡಿದ್ದಕ್ಕೆ ಧನ್ಯವಾದ. ಮಿಡಿ ಉಪ್ಪಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತದೆ, ಅದು ಹಾಳಾದದ್ದಲ್ಲ. ಉಪ್ಪು ಮುಂದಾಗಿರುತ್ತದೆ, ಮೊಸರನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಒದ್ದೆ ಚಮಚ ಹಾಕಬೇಡಿ, ಬೂಸ್ಟು ಬರುತ್ತದೆ.

ಬಾಟಲಿ ಒಡೆದಿದ್ದರೆ ಅಥವಾ ಸೋರಿದ್ದರೆ ಫೋಟೊ ತೆಗೆದು ಈ ನಂಬರಿಗೆ ಕಳಿಸಿ, ಬದಲಿ ಕಳಿಸುತ್ತೇವೆ.

ನಾಲ್ಕಾರು ಊಟಕ್ಕೆ ಬಡಿಸಿಕೊಂಡ ಮೇಲೆ, ಹೇಗಿತ್ತೋ ಹಾಗೆ ನಮ್ಮ ಪುಟದಲ್ಲಿ ಬರೆಯಿರಿ. ಹಿಡಿಸದಿದ್ದರೆ ಅದನ್ನೂ ಬರೆಯಿರಿ. ಮುಂದೆ ಕೊಳ್ಳುವವರಿಗೆ ಅನುಕೂಲವಾಗುತ್ತದೆ.’

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಮೊದಲ ಪ್ಯಾರಾ. ಹೊಸಬರು ಕೊಡುವ ಒಂದು ಸ್ಟಾರಿನ ರಿವ್ಯೂಗಳಲ್ಲಿ ಒಂದು ಪಾಲು ನಿಜವಾದ ದೋಷದಿಂದ ಬಂದದ್ದಲ್ಲ, ನಿರೀಕ್ಷೆ ಬೇರೆ ಇದ್ದುದರಿಂದ ಬಂದದ್ದು. ಸುಕ್ಕಾದ ಮಿಡಿ ನೋಡಿ ಹಳೆಯದೆಂದುಕೊಳ್ಳುತ್ತಾರೆ, ಎಣ್ಣೆ ತೇಲದಿದ್ದರೆ ಕಂಜೂಸಿ ಎಂದುಕೊಳ್ಳುತ್ತಾರೆ. ಮೊದಲೇ ತಿಳಿಸಿದರೆ ಅವರು ಬರೆಯುವುದು ರುಚಿಯ ಬಗ್ಗೆ. ಹೀಗೆ ತಿಳಿಸುವುದು ಕೆಟ್ಟ ರಿವ್ಯೂ ತಡೆಯುವುದಲ್ಲ. ಯಾಕೆಂದರೆ ತಿಳಿದ ಮೇಲೂ ಹಿಡಿಸದವರಿಗೆ ಬರೆಯುವ ಜಾಗ ಅದೇ ಕಾರ್ಡಿನಲ್ಲಿದೆ.

ಅಚ್ಚು ಹಾಕಿಸುವಾಗ ಎರಡು ಮೂರು ಎಚ್ಚರ. ಹೊಳಪಿನ ಲ್ಯಾಮಿನೇಶನ್ ಬೇಡ, ಅದರ ಮೇಲೆ ಬಾಲ್‌ಪೆನ್ ಹಿಡಿಯುವುದಿಲ್ಲ. ಹೊಳಪಿಲ್ಲದ ದಪ್ಪ ಕಾರ್ಡಾದರೆ ಗಿರಾಕಿಯ ಹೆಸರನ್ನು ಕೈಯಿಂದ ಬರೆದು ಕೆಳಗೆ ಸಹಿ ಹಾಕಬಹುದು. ಕೈಬರಹದಂತೆ ಕಾಣುವ ಫಾಂಟು ಬೇಡ, ಜನ ಅದನ್ನು ಕೂಡಲೇ ಗುರುತಿಸುತ್ತಾರೆ. ಕ್ಯೂಆರ್ ಕೋಡ್ ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಸುತ್ತ ಖಾಲಿ ಬಿಳಿ ಜಾಗ ಇರಲಿ. ಪುಕ್ಕಟೆ ಸಿಗುವ ‘ಡೈನಮಿಕ್’ ಕೋಡುಗಳಲ್ಲಿ ಕೆಲವು ಪ್ರಯೋಗದ ಅವಧಿ ಮುಗಿದ ಮೇಲೆ ನಿಂತುಹೋಗುತ್ತವೆ. ಆಗ ಅಚ್ಚಾದ ಕಾರ್ಡೆಲ್ಲ ವ್ಯರ್ಥ. ನೇರವಾಗಿ ತಮ್ಮ ಪುಟದ ವಿಳಾಸದಿಂದಲೇ ಮಾಡಿದ ಕೋಡ್ ಹಾಗೆ ಕೈಕೊಡುವುದಿಲ್ಲ. ಅಚ್ಚಾದ ಕಾರ್ಡನ್ನು ಹಳೆಯ ಫೋನಿನಲ್ಲಿ, ಮಂದ ಬೆಳಕಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಬೇಕು. ಕಾರ್ಡನ್ನು ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕು. ಬಬಲ್ ರ್‍ಯಾಪಿನ ಅಡಿಗೆ ಸೇರಿದರೆ ಅದರ ಜೊತೆಗೇ ಕಸದಬುಟ್ಟಿಗೆ ಹೋಗುತ್ತದೆ. ಇದೇ ಸರಕನ್ನು ಅಮೆಜಾನ್ ಮೂಲಕವೂ ಮಾರುವವರು ಆ ಪಾರ್ಸೆಲ್ಲಿಗೆ ಬೇರೆ ಕಾರ್ಡು ಮಾಡಿಸಬೇಕು. ಅಲ್ಲಿಯ ಗಿರಾಕಿಯನ್ನು ತಮ್ಮ ವೆಬ್‌ಸೈಟಿಗೆ ಕರೆಯುವುದಕ್ಕೆ ಅದರ ನಿಯಮ ಒಪ್ಪುವುದಿಲ್ಲ.

ಇಷ್ಟು ಮಾಡಿದ ಮೇಲೆ ಕಾರ್ಡಿನಿಂದ ಉಪಯೋಗವಾಯಿತೇ ಎಂದು ತಿಳಿಯುವುದು ಹೇಗೆ? ‘ಕಾರ್ಡು ಹಾಕಿದ ಮೇಲೆ ವ್ಯಾಪಾರ ಏರಿತು’ ಎಂಬುದು ಸಾಕ್ಷಿಯಾಗುವುದಿಲ್ಲ, ಏಕೆಂದರೆ ಅದೇ ಹೊತ್ತಿಗೆ ಹಬ್ಬವೂ ಬಂದಿರಬಹುದು. ಬಿಲ್ ನಂಬರು ಬೆಸವಾದರೆ ಕಾರ್ಡು ಹಾಕುವುದು, ಸಮವಾದರೆ ಬಿಡುವುದು. ಮೂರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಎಷ್ಟು ಜನ ಮತ್ತೆ ತರಿಸಿದರು ಎಂದು ಎಣಿಸುವುದು. ಒಂದೊಂದು ಗುಂಪಿನಲ್ಲಿ ಐವತ್ತೇ ಜನ ಇದ್ದು, ಒಂದು ಕಡೆ ಆರು, ಇನ್ನೊಂದು ಕಡೆ ಒಂಬತ್ತು ಬಂದರೆ ಅದು ಆಕಸ್ಮಿಕವೂ ಆಗಿರಬಹುದು. ಕೆಲವು ನೂರು ಪಾರ್ಸೆಲ್ಲಾಗುವವರೆಗೆ ಕಾಯಬೇಕು. ಒಡೆದ ಬಾಟಲಿಯ ನಂಬರು ಮಾತ್ರ ಈ ಪರೀಕ್ಷೆಯಿಂದ ಹೊರಗಿರಲಿ. ಅದು ಲೇಬಲ್ಲಿನ ಮೇಲೆ ಎಲ್ಲರಿಗೂ ಸಿಗಬೇಕು.

ಒಂದು ಮಾತು ಪ್ರೆಸ್ಸಿನವರ ಬಗ್ಗೆ. ಸಾವಿರ ಕಾರ್ಡು ಹಾಕಿಸಿದರೆ ಒಂದೊಂದಕ್ಕೆ ಬೆಲೆ ಇಳಿಯುತ್ತದೆ ಎಂದು ಅವರು ಹೇಳುತ್ತಾರೆ, ಅದು ನಿಜ. ಆದರೂ ಮೊದಲ ಸಲ ಇನ್ನೂರಕ್ಕೆ ನಿಲ್ಲಿಸುವುದು ಒಳ್ಳೆಯದು. ಪ್ರಾಮಾಣಿಕ ರಿವ್ಯೂಗಳು ಬರತೊಡಗಿದಂತೆ ಕಾರ್ಡಿನ ಮೊದಲ ಪ್ಯಾರಾದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ತಿಳಿಯುತ್ತದೆ. ನಾಲ್ಕು ಜನ ‘ಓಟೆ ಸಮೇತ ಇದೆ’ ಎಂದು ಬರೆದರೆ, ಎರಡನೆಯ ಇನ್ನೂರರಲ್ಲಿ ಅದಕ್ಕೊಂದು ಸಾಲು ಸೇರಿಸಬಹುದು. ಹದಿನೈದು ಜನ ‘ಉಪ್ಪು ಜಾಸ್ತಿ’ ಎಂದು ಬರೆದರೆ, ಆಗ ತಿದ್ದಬೇಕಾದದ್ದು ಕಾರ್ಡನ್ನಲ್ಲ, ಮುಂದಿನ ಮಿಡಿಯ ಹಂಗಾಮಿನಲ್ಲಿ ಭರಣಿಗೆ ಹಾಕುವ ಉಪ್ಪನ್ನು.