ಸಬ್ಸಿಡಿಯ ಐದು ಲಕ್ಷ ಯಾವ ದಿನದ ಲೆಕ್ಕಕ್ಕೆ?

ಹಳ್ಳಿಯೊಂದರಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಕ್ಕೆ 20 ಲಕ್ಷ ರೂಪಾಯಿಯ ಯಂತ್ರಗಳು ಬೇಕು ಎಂದಿಟ್ಟುಕೊಳ್ಳಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25ರಷ್ಟು ಸಬ್ಸಿಡಿ ಇದೆ. ಅಂದರೆ 5 ಲಕ್ಷ. ಹೀಗಾಗಿ ಆರಂಭಿಕ ಹೂಡಿಕೆ 15 ಲಕ್ಷ ಎಂದು ಬರೆದು ಮುಂದೆ ಹೋಗುವ ಪ್ರಾಜೆಕ್ಟ್ ರಿಪೋರ್ಟುಗಳುಂಟು.

ಆದರೆ ಯಂತ್ರ ಮಾರುವವನಿಗೆ ಕೊಡಬೇಕಾದದ್ದು ಪೂರ್ತಿ 20 ಲಕ್ಷ. ಉದ್ಯಮಿ ತನ್ನ ಪಾಲಿನ ಶೇ 10, ಅಂದರೆ 2 ಲಕ್ಷ ಹಾಕುತ್ತಾನೆ. ಉಳಿದ 18 ಲಕ್ಷ ಬ್ಯಾಂಕಿನ ಸಾಲ. ಸಬ್ಸಿಡಿ ಅವನ ಕೈಗೆ ಬರುವುದೇ ಇಲ್ಲ. ಅದು ಮೂರು ವರ್ಷ ಅದೇ ಬ್ಯಾಂಕಿನಲ್ಲಿ ಅವನ ಹೆಸರಿನ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ; ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಘಟಕ ನಡೆಯುತ್ತಿದೆಯೇ ಎಂದು ಪರಿಶೀಲಿಸಿದ ಮೇಲೆ ಹಣ ಸಾಲಕ್ಕೆ ಜಮೆಯಾಗುತ್ತದೆ.

ಹಾಗಾದರೆ 5 ಲಕ್ಷವನ್ನು ಯಾವ ದಿನಕ್ಕೆ ಬರೆಯಬೇಕು? ಠೇವಣಿಯಾದ ದಿನದಿಂದಲೇ ಬಡ್ಡಿ ನಿಲ್ಲುವುದರಿಂದ, ಆ ದಿನದ ಒಳಹರಿವು ಎಂದು ತೋರಿಸುವುದು ನ್ಯಾಯ. ಮೊದಲ ದಿನ 20 ಲಕ್ಷ ಹೊರಗೆ, ಸಬ್ಸಿಡಿ ಬ್ಯಾಂಕಿಗೆ ಬಂದ ದಿನ 5 ಲಕ್ಷ ಒಳಗೆ. ಹೂಡಿಕೆಯಲ್ಲಿ ಕಳೆದು, ಮೂರನೇ ವರ್ಷ ಮತ್ತೆ ಆದಾಯದಲ್ಲಿ ಸೇರಿಸಿದರೆ ಒಂದೇ ಹಣ ಎರಡು ಸಲ ಎಣಿಸಿದಂತೆ.

ಎಲ್ಲ ಯೋಜನೆಗಳೂ ಹೀಗಿರುವುದಿಲ್ಲ. ಗುಜರಾತಿನ ಸಾಣಂದದ ಮೈಕ್ರಾನ್ ಚಿಪ್ ಘಟಕಕ್ಕೆ ಕೇಂದ್ರ ಸರ್ಕಾರ ಯೋಜನಾ ವೆಚ್ಚದ ಅರ್ಧ ಭರಿಸುವುದಾಗಿ 2023ರಲ್ಲಿ ಒಪ್ಪಿತು. ಅಲ್ಲಿ ಖರ್ಚಾದ ಹಾಗೆಲ್ಲ ನೆರವು ಜೊತೆಜೊತೆಗೇ ಬರುವ ಏರ್ಪಾಡು. ಉತ್ಪಾದನೆ ಶುರುವಾದ ಮೇಲೆ ಮರುಪಾವತಿಯಾಗಿ ಬರುವ ಸಬ್ಸಿಡಿ ಇದಕ್ಕೆ ವಿರುದ್ಧ: ಎರಡು ವರ್ಷ ತಡವಾದರೆ, ಶೇ 12ರ ದರದಲ್ಲಿ 5 ಲಕ್ಷದ ಇಂದಿನ ಬೆಲೆ ಸುಮಾರು 3.99 ಲಕ್ಷ ಮಾತ್ರ.

ಹೆಚ್ಚಿನವರು ಮರೆಯುವುದು ತೆರಿಗೆಯನ್ನು. ಯಂತ್ರದ ಬೆಲೆಯಲ್ಲಿ ಸರ್ಕಾರ ಭರಿಸಿದ ಭಾಗವನ್ನು ಕಳೆದೇ ಸವಕಳಿ ಲೆಕ್ಕ ಹಾಕಬೇಕು ಎನ್ನುತ್ತದೆ ಆದಾಯ ತೆರಿಗೆ ಕಾನೂನು. ಶೇ 15ರ ದರದಲ್ಲಿ ಮೊದಲ ವರ್ಷ 3 ಲಕ್ಷದ ಬದಲು 2.25 ಲಕ್ಷ ಸವಕಳಿ ಸಿಗುತ್ತದೆ. ಶೇ 30 ತೆರಿಗೆ ಕಟ್ಟುವವರಿಗೆ ಆ ವರ್ಷ 22,500 ರೂಪಾಯಿ ಹೆಚ್ಚು ತೆರಿಗೆ. ವರ್ಷ ವರ್ಷಕ್ಕೂ ಇಳಿಯುತ್ತ ಹೋಗುವ ಈ ನಷ್ಟವನ್ನೆಲ್ಲ ಅದೇ ಶೇ 12ರಲ್ಲಿ ಇಂದಿಗೆ ತಂದರೆ ಸುಮಾರು 83,000 ಆಗುತ್ತದೆ. ಅಂದರೆ ಮೊದಲ ದಿನವೇ ಸಿಕ್ಕರೂ 5 ಲಕ್ಷದ ಸಬ್ಸಿಡಿಯ ನಿಜವಾದ ತೂಕ 4.17 ಲಕ್ಷ.

ಮೂರು ವರ್ಷದೊಳಗೆ ಘಟಕ ಮುಚ್ಚಿದರೆ ಠೇವಣಿ ಸರ್ಕಾರಕ್ಕೆ ವಾಪಸಾಗಬಹುದು. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ ಸಬ್ಸಿಡಿಯ ಸಾಲನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.